ಹರಳುಗಟ್ಟಿದ ಜೇನು, ಹಳೇ ಜೇನು, ಹಸುಗೂಸಿಗೆ ಜೇನು: ಪದೇ ಪದೇ ಕೇಳುವ ಪ್ರಶ್ನೆಗಳು

ಜೇನು ಗಟ್ಟಿಯಾದರೆ ಕೆಟ್ಟಿತು ಅಂತ ಚೆಲ್ಲುವವರಿದ್ದಾರೆ. ಅದೇ ಮನೆಯಲ್ಲಿ, ಜೇನು ಎಂದೂ ಕೆಡುವುದಿಲ್ಲ ಅನ್ನುವ ನಂಬಿಕೆಯಲ್ಲಿ ಹಸುಗೂಸಿನ ನಾಲಿಗೆಗೆ ಅದನ್ನು ಸವರುವುದೂ ಇದೆ. ಎರಡೂ ತಪ್ಪು. ಈ ಎರಡು ತಪ್ಪುಗಳ ಹಿಂದಿರುವುದು ಜೇನಿನ ಒಂದೇ ಗುಣ: ಅದರಲ್ಲಿ ನೀರು ತುಂಬಾ ಕಡಿಮೆ. ಆ ಗುಣದಿಂದಲೇ ಅದು ಹರಳುಗಟ್ಟುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ, ಮತ್ತು ಮಗುವಿಗೆ ಅಪಾಯ ತರುವ ಒಂದು ರೋಗಾಣು ಅದರೊಳಗೆ ಸಾಯದೆ ಹಾಗೇ ಕೂತಿರುತ್ತದೆ.

ನಮ್ಮ ಜೇನು ತಳದಲ್ಲಿ ಸಕ್ಕರೆಯಂತೆ ಗಟ್ಟಿಯಾಗಿದೆ. ಸಕ್ಕರೆ ಪಾಕ ಬೆರೆಸಿದ್ದಾರಾ?

ಹರಳು ಕಂಡ ಮಾತ್ರಕ್ಕೆ ಹಾಗೆ ಹೇಳಲು ಆಗುವುದಿಲ್ಲ. ಅಪ್ಪಟ ಜೇನೂ ಹರಳುಗಟ್ಟುತ್ತದೆ.

ಒಂದು ಕಿಲೋ ಜೇನು ತೆಗೆದುಕೊಳ್ಳಿ. ಅದರಲ್ಲಿ ನೀರು ಹೆಚ್ಚುಕಡಿಮೆ 180 ಗ್ರಾಂ. ಉಳಿದದ್ದು ಬಹುಪಾಲು ಎರಡು ಬಗೆಯ ಸಕ್ಕರೆ, ಗ್ಲೂಕೋಸ್ ಮತ್ತು ಫ್ರಕ್ಟೋಸ್. ಗ್ಲೂಕೋಸ್ ಒಂದೇ 300 ಗ್ರಾಂ ದಾಟಬಹುದು. ಅಷ್ಟು ಕಡಿಮೆ ನೀರಿನಲ್ಲಿ ಅಷ್ಟು ಗ್ಲೂಕೋಸ್ ಹೆಚ್ಚು ಕಾಲ ಕರಗಿ ನಿಲ್ಲಲಾರದು. ಒಂದು ಪರಾಗದ ಕಣವೋ, ಮೇಣದ ಚೂರೋ ಸಿಕ್ಕರೆ ಸಾಕು, ಅದರ ಸುತ್ತ ಹರಳು ಕಟ್ಟಲು ಶುರುವಾಗುತ್ತದೆ. ಫ್ರಕ್ಟೋಸ್ ಮಾತ್ರ ಕರಗಿಯೇ ಇರುತ್ತದೆ. ಹಾಗಾಗಿಯೇ ಎಷ್ಟೋ ಬಾಟಲಿಗಳಲ್ಲಿ ಕೆಳಗೆ ಗಟ್ಟಿ, ಮೇಲೆ ತೆಳು ಅಂತ ಎರಡು ಪದರ ಕಾಣುತ್ತದೆ.

ಯಾವ ಹೂವಿನ ಜೇನು ಅನ್ನುವುದರ ಮೇಲೆ ವೇಗ ನಿಂತಿದೆ. ಸೂರ್ಯಕಾಂತಿ, ಸಾಸಿವೆ, ರಬ್ಬರ್ ತೋಟದ ಜೇನಿನಲ್ಲಿ ಗ್ಲೂಕೋಸ್ ಪಾಲು ಜಾಸ್ತಿ, ಅವು ಬೇಗ ಗಟ್ಟಿಯಾಗುತ್ತವೆ. ಮಲೆನಾಡಿನ ಕಾಡುಹೂವುಗಳ ತುಡುವೆ ಜೇನಿನಲ್ಲಿ ನೀರಿನಂಶ ಸ್ವಲ್ಪ ಹೆಚ್ಚಿರುವುದರಿಂದ ಅದು ತಡ ಮಾಡುವುದುಂಟು. ಕಾರ್ಖಾನೆಯಲ್ಲಿ ಚೆನ್ನಾಗಿ ಬಿಸಿ ಮಾಡಿ, ಸೋಸಿ ಪರಾಗ ತೆಗೆದ ಜೇನು ಅಂಗಡಿಯ ಕಪಾಟಿನಲ್ಲಿ ತುಂಬಾ ದಿನ ತೆಳುವಾಗಿಯೇ ಇರುತ್ತದೆ. ಅದು ತೆಳುವಾಗಿದೆ ಎನ್ನುವುದು ಶುದ್ಧತೆಗೆ ಪುರಾವೆಯಲ್ಲ. ಗಟ್ಟಿಯಾಗಿದೆ ಎನ್ನುವುದು ಕಲಬೆರಕೆಗೂ ಪುರಾವೆಯಲ್ಲ.

ನೀರಿಗೆ ಹಾಕಿ ನೋಡುವುದು, ಬೆಂಕಿಕಡ್ಡಿಗೆ ಹಚ್ಚಿ ಉರಿಸುವುದು, ಇವುಗಳಿಂದ ಗೊತ್ತಾಗುವುದಿಲ್ಲವಾ?

ಇಲ್ಲ. ಅವು ಜೇನು ಎಷ್ಟು ಮಂದವಾಗಿದೆ, ಅದರಲ್ಲಿ ಎಷ್ಟು ನೀರಿದೆ ಎನ್ನುವುದನ್ನಷ್ಟೇ ತೋರಿಸುತ್ತವೆ. ಮಂದವಾಗಿ ಕಾಸಿದ ಪಾಕವೂ ಪಾಸಾಗುತ್ತದೆ. ಪ್ರಯೋಗಾಲಯದ ಪರೀಕ್ಷೆ ಬೇರೆ ವಿಷಯ.

ಫ್ರಿಜ್‌ನಲ್ಲಿಟ್ಟರೆ ಗಟ್ಟಿಯಾಗುವುದು ತಪ್ಪುತ್ತದಾ?

ಹಾಗೆ ನಂಬಿಕೊಳ್ಳಬೇಡಿ. ಜೇನು ಅತಿ ಬೇಗ ಹರಳುಗಟ್ಟುವುದು 10ರಿಂದ 15 ಡಿಗ್ರಿ ಸೆಲ್ಸಿಯಸ್ ಸುಮಾರಿನ ತಂಪಿನಲ್ಲಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಮಡಿಕೇರಿ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಬಾಟಲಿ ಗಟ್ಟಿಯಾಗುವುದು ಇದರಿಂದಲೇ. ಅಡುಗೆಮನೆಯ ಕಪಾಟಿನಲ್ಲಿ, ಒಲೆಯಿಂದ ದೂರ, ಗಾಜಿನ ಬಾಟಲಿಯಲ್ಲಿ, ಮುಚ್ಚಳ ಬಿಗಿಯಾಗಿ ಹಾಕಿಟ್ಟರೆ ಸಾಕು. ಜೇನು ಹುಳಿ ಗುಣದ್ದು, ಆದ್ದರಿಂದ ತಾಮ್ರ ಅಥವಾ ಕಬ್ಬಿಣದ ಪಾತ್ರೆ ಬೇಡ.

ಗಟ್ಟಿಯಾದದ್ದನ್ನು ಕರಗಿಸುವುದು ಹೇಗೆ? ಜೇನು ಬಿಸಿ ಮಾಡಬಾರದು ಅಂತ ಹಿರಿಯರು ಹೇಳುತ್ತಾರಲ್ಲ?

ಮೊದಲು, ಕರಗಿಸಲೇಬೇಕು ಅಂತೇನಿಲ್ಲ. ದೋಸೆಗೆ, ಚಪಾತಿಗೆ ಹಚ್ಚಲು ಹರಳುಗಟ್ಟಿದ ಜೇನೇ ಅನುಕೂಲ. ಸೋರುವುದಿಲ್ಲ.

ಕರಗಿಸಬೇಕೆಂದರೆ ಹೀಗೆ ಮಾಡಿ. ಪಾತ್ರೆಯಲ್ಲಿ ನೀರು ಬಿಸಿ ಮಾಡಿ ಒಲೆಯಿಂದ ಕೆಳಗಿಳಿಸಿ. ನೀರು 40ರಿಂದ 45 ಡಿಗ್ರಿ ಇರಬೇಕು, ಅಂದರೆ ಕೈ ಅದ್ದಿದರೆ ಬಿಸಿ ಅನ್ನಿಸಬೇಕು, ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳುವಂತಿರಬಾರದು. ಗಾಜಿನ ಬಾಟಲಿಯನ್ನು ಅದರಲ್ಲಿ ನೇರವಾಗಿ ನಿಲ್ಲಿಸಿ. ಒಳಗಿನ ಜೇನಿನ ಮಟ್ಟಕ್ಕೆ ಹೊರಗೆ ನೀರಿರಲಿ. ನೀರು ತಣ್ಣಗಾದಾಗ ಬದಲಿಸುತ್ತಾ, ಒಣ ಚಮಚದಿಂದ ಆಗಾಗ ಕದಡಿ. ಅರ್ಧ ಕಿಲೋ ಬಾಟಲಿಗೆ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯಬಹುದು. ಕೊನೆಯ ಹರಳೂ ಕರಗುವವರೆಗೆ ಬಿಡಿ. ತಳದಲ್ಲಿ ಸ್ವಲ್ಪ ಉಳಿದರೂ ಅದರಿಂದಲೇ ಮತ್ತೆ ಬೇಗ ಹರಳು ಕಟ್ಟುತ್ತದೆ. ಪ್ಲಾಸ್ಟಿಕ್ ಬಾಟಲಿಯಾದರೆ ಬೇಕಾದಷ್ಟನ್ನು ಗಾಜಿನ ಲೋಟಕ್ಕೆ ತೋಡಿಕೊಂಡು ಕರಗಿಸಿ. ಮೈಕ್ರೋವೇವ್ ಬೇಡ, ಅದು ಒಂದು ಕಡೆ ಕುದಿಸಿ ಇನ್ನೊಂದು ಕಡೆ ಹಾಗೇ ಬಿಡುತ್ತದೆ.

ಹಿರಿಯರ ಮಾತಿನಲ್ಲಿ ಹುರುಳಿದೆ. ಜೋರಾಗಿ ಕಾಸಿದರೆ ಜೇನಿನ ಪರಿಮಳ ಹೋಗುತ್ತದೆ, ಕಿಣ್ವಗಳು ಹಾಳಾಗುತ್ತವೆ, ಎಚ್‌ಎಂಎಫ್ ಎಂಬ ವಸ್ತು ಹೆಚ್ಚುತ್ತದೆ. ಜೇನನ್ನು ಎಷ್ಟು ಕಾಸಿದ್ದಾರೆ, ಎಷ್ಟು ಹಳೆಯದು ಎಂದು ತಿಳಿಯಲು ಪ್ರಯೋಗಾಲಯಗಳು ಅಳೆಯುವುದು ಇದನ್ನೇ. ಮೇಲೆ ಹೇಳಿದ ಉಗುರುಬೆಚ್ಚಗಿಂತ ತುಸು ಹೆಚ್ಚಿನ ಬಿಸಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಅಂಥ ನಷ್ಟ ಆಗುವುದಿಲ್ಲ.

ಐದು ವರ್ಷದ ಹಿಂದಿನ ಬಾಟಲಿ ಸಿಕ್ಕಿದೆ. ಕಪ್ಪಾಗಿದೆ. ತಿನ್ನಬಹುದಾ?

ಮುಚ್ಚಳ ಬಿಗಿಯಾಗಿತ್ತು, ನೀರು ಸೇರಿಲ್ಲ, ಹುಳಿ ವಾಸನೆ ಇಲ್ಲ ಅಂದರೆ ದೊಡ್ಡವರು ತಿನ್ನಬಹುದು. ಬಣ್ಣ ಕಪ್ಪಾಗುವುದು ವಯಸ್ಸಿನ ಗುಣ. ರುಚಿ ಸ್ವಲ್ಪ ಒಗರು, ಬೆಲ್ಲದ ಪಾಕದ ಹಾಗೆ ಅನ್ನಿಸಬಹುದು, ಹೂವಿನ ಪರಿಮಳ ಉಳಿದಿರುವುದಿಲ್ಲ. ಬಾಟಲಿಯ ಮೇಲಿನ ದಿನಾಂಕ ಹೇಳುವುದು ರುಚಿ, ಗುಣಮಟ್ಟದ ಬಗ್ಗೆ.

ಜೇನು ಸಾಕುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಂಥ ಹಳೇ ಅಥವಾ ಕಾಸಿದ ಜೇನನ್ನು ಮಳೆಗಾಲದ ಆಹಾರವಾಗಿ ಪೆಟ್ಟಿಗೆಗೆ ಇಡಬೇಡಿ. ಎಚ್‌ಎಂಎಫ್ ಜಾಸ್ತಿಯಾದರೆ ಜೇನುಹುಳುಗಳಿಗೆ ವಿಷವಾಗುತ್ತದೆ.

ಹಾಗಾದರೆ ಜೇನು ಕೆಡುವುದೇ ಇಲ್ಲವಾ?

ಕೆಡುತ್ತದೆ, ಹುಳಿಯುತ್ತದೆ. ನೀರಿನಂಶ 20 ಶೇಕಡಾ ದಾಟಿದರೆ ಜೇನಿನಲ್ಲೇ ಇರುವ ಯೀಸ್ಟ್ ಕೆಲಸ ಶುರು ಮಾಡುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಜೇನಿನ ನೀರಿನಂಶಕ್ಕೆ 20 ಶೇಕಡಾ ಮಿತಿ ಹಾಕಿರುವುದರ ಹಿಂದೆ ಈ ಕಾರಣವೂ ಇದೆ. ನಮ್ಮ ತುಡುವೆ, ಹೆಜ್ಜೇನಿನ ತುಪ್ಪದಲ್ಲಿ, ಅದರಲ್ಲೂ ಎರಿಗೆ ಇನ್ನೂ ಮೇಣದ ಮುಚ್ಚಳ ಬೀಳುವ ಮೊದಲೇ ತೆಗೆದದ್ದರಲ್ಲಿ, ಇದಕ್ಕಿಂತ ಜಾಸ್ತಿ ನೀರು ಇರುವುದು ಸಾಮಾನ್ಯ.

ಹರಳುಗಟ್ಟುವುದಕ್ಕೂ ಹುಳಿಯುವುದಕ್ಕೂ ಒಂದು ನಂಟಿದೆ. ಗ್ಲೂಕೋಸ್ ಹರಳಾಗಿ ಕೆಳಗೆ ಕೂತಾಗ ಮೇಲುಳಿದ ದ್ರವದಲ್ಲಿ ನೀರಿನ ಪಾಲು ಏರುತ್ತದೆ. ಹುಳಿಯುವುದು ಮೊದಲು ಶುರುವಾಗುವುದು ಅಲ್ಲೇ. ಮೇಲ್ಗಡೆ ನೊರೆ, ಮುಚ್ಚಳ ತೆಗೆದಾಗ ಬುಸ್ ಎಂಬ ಶಬ್ದ, ಹೆಂಡದಂಥ ಅಥವಾ ಹುಳಿ ವಾಸನೆ, ಸಣ್ಣ ಗುಳ್ಳೆಗಳು ಏಳುತ್ತಲೇ ಇರುವುದು, ಇವಿದ್ದರೆ ಅದು ಹುಳಿದಿದೆ. ಅಂಥದ್ದನ್ನು ತಿನ್ನಬೇಡಿ. ಕಲ್ಲಿನಂತೆ ಗಟ್ಟಿಯಾಗಿ, ವಾಸನೆ ಚೆನ್ನಾಗಿದ್ದರೆ ಅದು ಬರೀ ಹರಳು.

ದೊಡ್ಡವರಿಗೆ ಇಷ್ಟು ಸುರಕ್ಷಿತವಾದದ್ದು ಮಗುವಿಗೆ ಯಾಕೆ ಬೇಡ?

ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಧೂಳಿನಲ್ಲಿ ಇರುತ್ತದೆ. ಕಷ್ಟಕಾಲ ಬಂದಾಗ ಅದು ಗಟ್ಟಿ ಕವಚದ ಸ್ಪೋರ್ ಆಗಿ ಮಲಗಿಬಿಡುತ್ತದೆ. ಬಿತ್ತದೆ ಇಟ್ಟ ಬೀಜದ ಹಾಗೆ, ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಧೂಳಿನ ಮೂಲಕ, ಹುಳುಗಳು ಕುಡಿಯುವ ನೀರಿನ ಮೂಲಕ ಕೆಲವು ಸ್ಪೋರ್‌ಗಳು ಜೇನಿಗೆ ಸೇರುತ್ತವೆ.

ಜೇನಿನಲ್ಲಿ ನೀರು ಕಡಿಮೆ, ಹುಳಿ ಜಾಸ್ತಿ. ಅಲ್ಲಿ ಸ್ಪೋರ್ ಮೊಳೆಯಲಾರದು, ವಿಷ ಮಾಡಲಾರದು. ದೊಡ್ಡವರು ತಿಂದರೆ ಕರುಳಿನಲ್ಲಿ ಆಗಲೇ ಬೀಡುಬಿಟ್ಟಿರುವ ಕೋಟ್ಯಂತರ ಒಳ್ಳೆಯ ಬ್ಯಾಕ್ಟೀರಿಯಾಗಳ ನಡುವೆ ಅದಕ್ಕೆ ಜಾಗ ಸಿಗುವುದಿಲ್ಲ, ಮಲದಲ್ಲಿ ಹೊರಹೋಗುತ್ತದೆ. ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಆ ಕಾವಲು ಇನ್ನೂ ಕಟ್ಟಿಕೊಂಡಿರುವುದಿಲ್ಲ. ಅಲ್ಲಿ ಹದವಾದ ಬಿಸಿ ಇದೆ, ನೀರಿದೆ, ಗಾಳಿ ಇಲ್ಲ. ಸ್ಪೋರ್ ಎಚ್ಚರವಾಗುತ್ತದೆ, ದೊಡ್ಡ ಕರುಳಿನಲ್ಲಿ ಬೆಳೆಯುತ್ತದೆ, ವಿಷ ಮಾಡಲು ಶುರುಮಾಡುತ್ತದೆ. ಆ ವಿಷ ರಕ್ತಕ್ಕೆ ಸೇರಿ, ನರಗಳು ಸ್ನಾಯುಗಳಿಗೆ ಸಂದೇಶ ಕೊಡುವ ಜಾಗವನ್ನು ಮುಚ್ಚಿಬಿಡುತ್ತದೆ. ಮಗುವಿನ ಮೈ ಮೇಲಿಂದ ಕೆಳಕ್ಕೆ ಬಲ ಕಳೆದುಕೊಳ್ಳುತ್ತಾ ಬರುತ್ತದೆ. ಮೊದಲು ಕಣ್ಣು, ಬಾಯಿ, ಗಂಟಲು. ಆಮೇಲೆ ಕತ್ತು, ಕೈಕಾಲು. ಉಸಿರಾಟದ ಸ್ನಾಯುಗಳಿಗೂ ಬಂದರೆ ವೆಂಟಿಲೇಟರ್ ಬೇಕಾಗುತ್ತದೆ.

ಇದನ್ನು ಶಿಶು ಬೊಟುಲಿಸಂ ಅನ್ನುತ್ತಾರೆ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಗುರುತಿಸಿದರು. 1979ರ ಹೊತ್ತಿಗೆ ಜೇನಿನ ಪಾತ್ರವೂ ಬಯಲಾಯಿತು. ಅಲ್ಲಿ ಪರೀಕ್ಷಿಸಿದ ಜೇನಿನ ಮಾದರಿಗಳಲ್ಲಿ ಸುಮಾರು ಹತ್ತರಲ್ಲಿ ಒಂದರಲ್ಲಿ ಈ ಸ್ಪೋರ್ ಸಿಕ್ಕಿತು. ಹೆಚ್ಚಿನ ರೋಗಿಗಳು ಆರು ತಿಂಗಳೊಳಗಿನ ಕೂಸುಗಳೇ. ಎಲ್ಲ ಪ್ರಕರಣಗಳೂ ಜೇನಿನಿಂದ ಬರುವುದಿಲ್ಲ, ಎಷ್ಟೋ ಸಲ ಧೂಳಿನಿಂದಲೇ ಬರುತ್ತದೆ. ಧೂಳನ್ನು ಪೂರ್ತಿ ತಡೆಯುವುದು ಯಾರ ಕೈಲೂ ಆಗದು. ಜೇನನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ನಿಜವಾಗಿ ಹೀಗೆ ಆಗಿದ್ದುಂಟಾ?

ಉಂಟು. 2017ರಲ್ಲಿ ಜಪಾನಿನ ಟೋಕಿಯೊದಲ್ಲಿ ಆರು ತಿಂಗಳ ಗಂಡುಮಗು ತೀರಿಕೊಂಡಿತು. ಮನೆಯವರು ಹಾಲಿನ ಜೊತೆಗಿನ ಮೊದಲ ಆಹಾರವಾಗಿ ಹಣ್ಣಿನ ರಸಕ್ಕೆ ಜೇನು ಬೆರೆಸಿ ದಿನಕ್ಕೆ ಎರಡು ಸಲದಂತೆ ಸುಮಾರು ಒಂದು ತಿಂಗಳು ಕೊಟ್ಟಿದ್ದರು. ದಿನಕ್ಕೆ ಸರಾಸರಿ 10 ಗ್ರಾಂ, ಅಂದರೆ ಎರಡು ಟೀ ಚಮಚಕ್ಕೂ ಕಡಿಮೆ. ಫೆಬ್ರವರಿ 16ಕ್ಕೆ ಕೆಮ್ಮು, ನೆಗಡಿ ಥರ ಶುರುವಾಯಿತು. 20ನೇ ತಾರೀಕಿಗೆ ಫಿಟ್ಸ್ ಬಂದು, ಉಸಿರಾಟ ಕಷ್ಟವಾಗಿ ಆಸ್ಪತ್ರೆ ಸೇರಿತು. ಮಾರ್ಚ್ 30ರಂದು ಮಗು ಹೋಯಿತು. ಮಗುವಿನ ಮಲದಲ್ಲೂ, ಮನೆಯಲ್ಲಿದ್ದ ಜೇನಿನ ಬಾಟಲಿಯಲ್ಲೂ ಆ ಬ್ಯಾಕ್ಟೀರಿಯಾ ಸಿಕ್ಕಿತು. ಶಿಶು ಬೊಟುಲಿಸಂನಿಂದ ಜಪಾನಿನಲ್ಲಿ ದಾಖಲಾದ ಮೊದಲ ಸಾವು ಅದು. ಒಂದು ವರ್ಷದೊಳಗೆ ಜೇನು ಕೊಡಬೇಡಿ ಅಂತ ಅಲ್ಲಿನ ಸರ್ಕಾರ 1987ರಲ್ಲೇ ಹೇಳಿತ್ತು. ಆ ಮಾತು ಈ ಮನೆಗೆ ತಲುಪಿರಲಿಲ್ಲ. ಕೊಟ್ಟವರು ಒಳ್ಳೆಯದಾಗಲಿ ಅಂತಲೇ ಕೊಟ್ಟಿದ್ದರು, ಅದನ್ನು ನೆನೆದರೆ ಸಂಕಟವಾಗುತ್ತದೆ.

2018ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ನಾಲ್ಕು ಮಕ್ಕಳು ಇದೇ ಕಾಯಿಲೆಯಿಂದ ಆಸ್ಪತ್ರೆ ಸೇರಿದವು. ನಾಲ್ಕೂ ಮಕ್ಕಳಿಗೆ ಮೆಕ್ಸಿಕೋದಿಂದ ತಂದ, ಒಳಗೆ ಜೇನು ತುಂಬಿದ ಚೀಪುವ ನಿಪ್ಪಲ್ ಕೊಟ್ಟಿದ್ದರು.

ನಮ್ಮಜ್ಜಿ ಎಲ್ಲ ಮಕ್ಕಳಿಗೂ ಹುಟ್ಟಿದ ದಿನವೇ ಜೇನು ನೆಕ್ಕಿಸಿದ್ದಾರೆ. ಯಾರಿಗೂ ಏನೂ ಆಗಿಲ್ಲ. ಇದಕ್ಕೆ ಏನು ಹೇಳುತ್ತೀರಿ?

ಅಜ್ಜಿ ಹೇಳುವುದು ಸುಳ್ಳಲ್ಲ. ಎಲ್ಲ ಜೇನಿನಲ್ಲೂ ಸ್ಪೋರ್ ಇರುವುದಿಲ್ಲ. ಇದ್ದರೂ ಎಲ್ಲ ಮಕ್ಕಳಿಗೂ ಅದು ತಾಗುವುದಿಲ್ಲ. ಹಾಗಾಗಿ ಬಹುಪಾಲು ಮನೆಗಳಲ್ಲಿ ಏನೂ ಆಗುವುದಿಲ್ಲ. ಆದರೆ ತಾಗಲು ಬೇಕಾದ ಸ್ಪೋರ್‌ಗಳು ಹತ್ತರಿಂದ ನೂರರಷ್ಟು ಇದ್ದರೆ ಸಾಕು ಎಂಬ ಅಂದಾಜಿದೆ. ಅಷ್ಟು ಕಣ್ಣಿಗೆ ಕಾಣುವುದಿಲ್ಲ, ರುಚಿಗೂ ಸಿಗುವುದಿಲ್ಲ. ನಿಮ್ಮ ಬಾಟಲಿಯಲ್ಲಿ ಇದೆಯೋ ಇಲ್ಲವೋ ಅಂತ ಮನೆಯಲ್ಲಿ ತಿಳಿಯುವ ದಾರಿಯೇ ಇಲ್ಲ.

ಇನ್ನೊಂದು ಮಾತು. ಈ ಕಾಯಿಲೆ ಮೇಲ್ನೋಟಕ್ಕೆ ರಕ್ತದ ಸೋಂಕಿನ ಥರ ಕಾಣುತ್ತದೆ. ಖಚಿತವಾಗಿ ಗುರುತಿಸಲು ಮಲದಲ್ಲಿ ಆ ವಿಷವನ್ನು ಹುಡುಕುವ ವಿಶೇಷ ಪರೀಕ್ಷೆ ಬೇಕು. ಆ ಪರೀಕ್ಷೆ ಇಲ್ಲದ ಕಾಲದಲ್ಲಿ "ಮಗು ಹಾಲು ಬಿಟ್ಟಿತು, ಸೊರಗಿತು" ಅಂತ ಹೋದ ಕೂಸುಗಳ ಲೆಕ್ಕದಲ್ಲಿ ಜೇನಿನ ಹೆಸರು ಬರೆದಿರಲು ಸಾಧ್ಯವೇ ಇರಲಿಲ್ಲ.

ಶಾಸ್ತ್ರಕ್ಕೆ ಒಂದೇ ಹನಿ, ಚಿನ್ನದ ಉಂಗುರದಲ್ಲಿ ಅದ್ದಿ. ಅದೂ ಬೇಡವಾ?

ಅದೂ ಬೇಡ. ಹನಿಯ ಲೆಕ್ಕದಲ್ಲಿ ಸುರಕ್ಷಿತ ಪ್ರಮಾಣ ಅಂತ ಇಲ್ಲ. ಬಜೆ, ಜಾಯಿಕಾಯಿ ತೇಯ್ದು ಜೇನಿನಲ್ಲಿ ಕಲಸಿ ನೆಕ್ಕಿಸುವುದೂ ಬೇಡ. ಹುಟ್ಟಿದ ಕೂಸಿಗೆ ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಕಿಲ್ಲ.

ಮನೆಯಲ್ಲಿ ಹಿರಿಯರ ಮನಸ್ಸು ನೋಯಿಸದೆ ಇದನ್ನು ನಡೆಸಬಹುದು. ಶಾಸ್ತ್ರದ ಜೇನನ್ನು ತಾಯಿಯ ಬಾಯಿಗೆ ಹಾಕಿ, ಮಗುವಿನ ತುಟಿಗೆ ತಾಯಿಯ ಹಾಲನ್ನೇ ಸವರಿ ಅಂತ ಮೊದಲೇ ಮಾತಾಡಿಕೊಳ್ಳಿ. ಹೆರಿಗೆಯ ದಿನ, ನೆಂಟರೆಲ್ಲ ಸೇರಿದಾಗ ವಾದ ಮಾಡುವುದು ಬಾಣಂತಿಗೆ ಕಷ್ಟ. ಏಳನೇ ತಿಂಗಳಲ್ಲೇ ಅತ್ತೆ, ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ಗಂಡನೇ ಹೇಳಲಿ, ಅಥವಾ ಡಾಕ್ಟರ್ ಬಾಯಲ್ಲಿ ಹೇಳಿಸಿ. ಅಜ್ಜಿಯರು ಕೇಳುತ್ತಾರೆ. ಅವರಿಗೂ ಮಗುವೇ ಮುಖ್ಯ.

ಕಾಡಿನ ಅಪ್ಪಟ ಜೇನು, ಅಥವಾ ನಮ್ಮದೇ ಪೆಟ್ಟಿಗೆಯ ಜೇನಾದರೆ?

ಶುದ್ಧತೆಗೂ ಸ್ಪೋರ್‌ಗೂ ಸಂಬಂಧವಿಲ್ಲ. ತುಡುವೆ, ಹೆಜ್ಜೇನು, ಮುಜಂಟಿ, ಅಂಗಡಿಯದು, ಎಲ್ಲಕ್ಕೂ ಒಂದೇ ಮಾತು.

ತುಂಬಾ ಹಳೇ ಜೇನಿನಲ್ಲಿ ಆ ಸ್ಪೋರ್ ಸತ್ತುಹೋಗಿರುವುದಿಲ್ಲವಾ? ಹರಳುಗಟ್ಟಿದರೆ?

ಇಲ್ಲ. ಸ್ಪೋರ್ ಆಗಿ ಮಲಗುವುದೇ ಒಣ ಜಾಗದಲ್ಲಿ ವರ್ಷಗಟ್ಟಲೆ ತಡೆದುಕೊಳ್ಳಲು. ಹತ್ತು ವರ್ಷ ಇಟ್ಟ ಜೇನು ಔಷಧಿಗೆ ಶ್ರೇಷ್ಠ ಅಂತ ತೆಗೆದಿಟ್ಟು ಮೊಮ್ಮಗುವಿಗೆ ಕೊಡುವವರು ಇದನ್ನು ಗಮನಿಸಬೇಕು. ಹರಳುಗಟ್ಟಿದರೂ ಅಷ್ಟೇ. ಗ್ಲೂಕೋಸ್ ರೂಪ ಬದಲಿಸಿದೆ, ಸ್ಪೋರ್ ಇದ್ದ ಹಾಗೇ ಇದೆ.

ಕುದಿಸಿ ಕೊಟ್ಟರೆ? ಕುಕ್ಕರ್‌ನಲ್ಲಿಟ್ಟರೆ?

ಕುದಿಯುವ ನೀರಿನ ಬಿಸಿ, ಅಂದರೆ 100 ಡಿಗ್ರಿ, ಈ ಸ್ಪೋರ್‌ಗೆ ಸಾಲದು. ಗಂಟೆಗಟ್ಟಲೆ ತಡೆಯುವ ಶಕ್ತಿ ಅದಕ್ಕಿದೆ. ಡಬ್ಬಿಯಲ್ಲಿ ಆಹಾರ ತುಂಬುವ ಕಾರ್ಖಾನೆಗಳು ಒತ್ತಡದಲ್ಲಿ 121 ಡಿಗ್ರಿಯವರೆಗೆ ಬಿಸಿ ಮಾಡುವುದು ಇದನ್ನು ಕೊಲ್ಲಲಿಕ್ಕೇ. ಮನೆಯ ಕುಕ್ಕರ್‌ನಲ್ಲಿ ಬಾಟಲಿಯ ನಡುವಿನ ಜೇನು ಅಷ್ಟು ಬಿಸಿಯಾಯಿತಾ ಅಂತ ಗೊತ್ತಾಗುವುದಿಲ್ಲ. ಮೇಲಾಗಿ ನೀರು ಕಡಿಮೆ ಇರುವ ಕಡೆ ಸ್ಪೋರ್ ಬಿಸಿಯನ್ನು ಇನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ. ಸ್ಪೋರ್ ಸಾಯುವ ಹೊತ್ತಿಗೆ ಜೇನು ಸುಟ್ಟ ಪಾಕವಾಗಿರುತ್ತದೆ.

ವಿಷ ಬೇರೆ, ಸ್ಪೋರ್ ಬೇರೆ. ವಿಷ ಕುದಿಸಿದರೆ ನಾಶವಾಗುತ್ತದೆ. ಅದನ್ನು ಕೇಳಿದವರು ಸ್ಪೋರ್ ಕೂಡ ಹೋಗುತ್ತದೆ ಅಂದುಕೊಳ್ಳುತ್ತಾರೆ. ಮಗುವಿಗೆ ಅಪಾಯ ಬರುವುದು ಸ್ಪೋರ್‌ನಿಂದ. ಹೀಗಾಗಿ ಜೇನು ಹಾಕಿ ಮನೆಯಲ್ಲಿ ಮಾಡಿದ ಬಿಸ್ಕತ್ತು, ಕೇಕು, ರಾಗಿ ಸರಿ, ಕಷಾಯ ಯಾವುದೂ ಒಂದು ವರ್ಷದೊಳಗಿನ ಮಗುವಿಗೆ ಬೇಡ. ಅಂಗಡಿಯ ಪೊಟ್ಟಣದ ಮೇಲೂ ಜೇನು ಅಂತ ಇದೆಯಾ ನೋಡಿಕೊಳ್ಳಿ.

ಗೊತ್ತಿಲ್ಲದೆ ನೆಕ್ಕಿಸಿಬಿಟ್ಟಿದ್ದಾರೆ. ಈಗ ಏನು ಮಾಡಬೇಕು?

ಗಾಬರಿಯಾಗಬೇಡಿ. ಜೇನು ತಿಂದ ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ವಾಂತಿ ಮಾಡಿಸಬೇಡಿ, ಮನೆಮದ್ದು ಕೊಡಬೇಡಿ. ಕೊಟ್ಟ ತಾರೀಕು ಬರೆದಿಡಿ, ಬಾಟಲಿ ಎತ್ತಿಡಿ, ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ. ಲಕ್ಷಣ ಕಾಣಿಸಲು ಮೂರು ದಿನವೂ ಆಗಬಹುದು, ಒಂದು ತಿಂಗಳೂ ಆಗಬಹುದು. ಅಲ್ಲಿಯವರೆಗೆ ಕಣ್ಣಿಟ್ಟಿರಿ.

ಹೆಚ್ಚಾಗಿ ಮೊದಲು ಕಾಣುವುದು ಮಲಬದ್ಧತೆ. ಬರೀ ಎದೆಹಾಲು ಕುಡಿಯುವ ಮಗು ಕೆಲವು ದಿನ ಮಲ ಮಾಡದಿರುವುದು ಸಹಜವೂ ಹೌದು, ಹಾಗಾಗಿ ಅದರ ಜೊತೆಗೆ ಬೇರೇನಿದೆ ಎಂದು ನೋಡಬೇಕು. ಹಾಲು ಚೀಪುವ ಬಲ ಕಡಿಮೆಯಾಗುವುದು. ಅಳು ಕ್ಷೀಣವಾಗಿ ಕುಂಯ್ ಅನ್ನುವಂತಾಗುವುದು. ರೆಪ್ಪೆ ಜೋತು ಬೀಳುವುದು. ಮುಖದಲ್ಲಿ ನಗುವೂ ಇಲ್ಲ, ಅಳುವ ಭಾವವೂ ಇಲ್ಲ ಅನ್ನಿಸುವುದು. ಮೊನ್ನೆ ನಿಂತಿದ್ದ ಕತ್ತು ಇಂದು ನಿಲ್ಲದಿರುವುದು, ಎತ್ತಿಕೊಂಡರೆ ಮೈ ಜೋತಾಡುವುದು. ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಜ್ವರ ಇಲ್ಲವಲ್ಲ ಅಂತ ಕಾಯಬೇಡಿ. ಇವುಗಳಲ್ಲಿ ಒಂದೆರಡು ಕಂಡರೂ ರಾತ್ರಿಯೇ ಆಗಲಿ, ಮಕ್ಕಳ ಐಸಿಯು ಇರುವ ಆಸ್ಪತ್ರೆಗೆ ಹೋಗಿ.

ಮಲಬದ್ಧತೆಗೆ ಅಂತ ಮತ್ತೆ ಜೇನು ನೆಕ್ಕಿಸುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ.

ಡಾಕ್ಟರಿಗೆ ಜೇನಿನ ವಿಷಯ ಹೇಳಲು ಸಂಕೋಚ. ಬೈತಾರೆ ಅಲ್ವಾ?

ಬೈದರೂ ಹೇಳಿ. ಇದು ಚಿಕಿತ್ಸೆಯನ್ನೇ ಬದಲಿಸುತ್ತದೆ. ಸೋಂಕು ಅಂದುಕೊಂಡರೆ ಕೂಸುಗಳಿಗೆ ಸಾಮಾನ್ಯವಾಗಿ ಕೊಡುವ ಔಷಧಿಗಳಲ್ಲಿ ಜೆಂಟಾಮೈಸಿನ್ ಒಂದು. ಈ ಕಾಯಿಲೆಯಲ್ಲಿ ಅದು ಸ್ನಾಯುಗಳ ಬಲಹೀನತೆಯನ್ನು ಇನ್ನೂ ಹೆಚ್ಚಿಸಬಹುದು. ಜೇನಿನ ವಿಷಯ ಗೊತ್ತಾದರೆ ಡಾಕ್ಟರ್ ಆ ದಿಕ್ಕಿನಲ್ಲಿ ಯೋಚಿಸುತ್ತಾರೆ, ಉಸಿರಾಟದ ಮೇಲೆ ಕಣ್ಣಿಡುತ್ತಾರೆ.

ಈ ಕಾಯಿಲೆಗೆಂದೇ ಕ್ಯಾಲಿಫೋರ್ನಿಯಾದ ಆರೋಗ್ಯ ಇಲಾಖೆ ತಯಾರಿಸಿದ ಪ್ರತಿವಿಷಕ್ಕೆ ಅಮೆರಿಕದಲ್ಲಿ 2003ರಲ್ಲಿ ಅನುಮತಿ ಸಿಕ್ಕಿತು. ಅದನ್ನು ಬೇಗ ಕೊಟ್ಟ ಮಕ್ಕಳು ಆಸ್ಪತ್ರೆಯಲ್ಲಿರುವ ಅವಧಿ ಸರಾಸರಿ 5.7 ವಾರದಿಂದ 2.6 ವಾರಕ್ಕೆ ಇಳಿಯಿತು. ಎಲ್ಲ ಕಡೆ ತಕ್ಷಣ ಸಿಗುವ ಔಷಧಿ ಅದಲ್ಲ. ಅದಿಲ್ಲದಿದ್ದರೂ ಉಸಿರಾಟಕ್ಕೆ ಆಸರೆ, ನಳಿಗೆಯಲ್ಲಿ ಹಾಲು, ಚೆನ್ನಾದ ಆರೈಕೆ ಸಿಕ್ಕರೆ ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ನರದ ತುದಿಗಳು ಹೊಸದಾಗಿ ಚಿಗುರಬೇಕು, ಅದಕ್ಕೆ ವಾರಗಳು ಬೇಕು.

ಬಾಣಂತಿ, ಬಸುರಿ ಜೇನು ತಿನ್ನಬಹುದಾ?

ತಿನ್ನಬಹುದು. ಸ್ಪೋರ್ ತಾಯಿಯ ಕರುಳಿನಿಂದ ಹಾಲಿಗೆ ಬರುವುದಿಲ್ಲ. ಆದರೆ ಬಾಣಂತಿ ಜೇನು ತಿಂದ ಬೆರಳನ್ನು ಮಗುವಿನ ಬಾಯಿಗೆ ಇಡಬಾರದು, ಒಡೆದ ಮೊಲೆತೊಟ್ಟಿಗೆ ಜೇನು ಹಚ್ಚಲೂಬಾರದು.

ಯಾವಾಗಿನಿಂದ ಕೊಡಬಹುದು? ಎಷ್ಟು?

ಹನ್ನೆರಡು ತಿಂಗಳು ತುಂಬಿದ ಮೇಲೆ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾಗಿದ್ದರೆ, ಅಥವಾ ಕರುಳಿನ ತೊಂದರೆ, ಆಪರೇಷನ್ ಆಗಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಒಂದು ವರ್ಷ ದಾಟಿದ ಮಗುವಿಗೆ ರಾತ್ರಿ ಕೆಮ್ಮಿದ್ದರೆ ಮಲಗುವ ಮುಂಚೆ ಅರ್ಧ ಟೀ ಚಮಚ ಜೇನು ಕೊಡಬಹುದು. ದಿನಾ ಕೊಡುವ ಅಗತ್ಯವಿಲ್ಲ, ಅದೂ ಸಕ್ಕರೆಯೇ, ಹಲ್ಲಿಗೆ ಅಂಟುತ್ತದೆ. ಕೊಟ್ಟ ಮೇಲೆ ಹಲ್ಲು ಒರೆಸಿ ಮಲಗಿಸಿ. ಹರಳುಗಟ್ಟಿದ್ದೇ ಇದ್ದರೂ ಪರವಾಗಿಲ್ಲ, ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಕೊಡಿ.